ಕೆಂಪು ದೀಪದ ಮುಂದೆ ಎಂಜಿನ್ ಏಕೆ ನಿಲ್ಲದು?

ಇಂದಿನ ಅನೇಕ ಕಾರುಗಳಲ್ಲಿ ಚಾಲಕನ ಎದುರಿನ ಮಾಪಕ ಫಲಕದ ಮೇಲೆ ಒಂದು ಚಿಕ್ಕ ಚಿಹ್ನೆಯುಂಟು. ರೋಮನ್ ಲಿಪಿಯ A ಎಂಬ ಅಕ್ಷರ; ಅದನ್ನು ಸುತ್ತಿ ಬರುವ ಒಂದು ಬಾಣ. ಕಾರು ಚೌಕದ ಕೆಂಪು ದೀಪದ ಮುಂದೆ ನಿಂತೊಡನೆ ಎಂಜಿನ್ ತಾನಾಗಿಯೇ ನಿಂತುಹೋಗುವುದು; ಆಗ ಈ ಚಿಹ್ನೆಯು ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಬೆಳಗುವುದು. ಚಾಲಕನು ಬ್ರೇಕಿನಿಂದ ಕಾಲು ತೆಗೆದರೆ, ಅಥವಾ ಗೇರು ಬದಲಾಯಿಸುವ ಕಾರಿನಲ್ಲಿ ಕ್ಲಚ್ಚನ್ನು ತುಳಿದರೆ, ಅರೆಕ್ಷಣದಲ್ಲಿ ಎಂಜಿನ್ ಮತ್ತೆ ಎಚ್ಚರಗೊಳ್ಳುವುದು. ಇದಕ್ಕೆ ‘ಸ್ಟಾರ್ಟ್-ಸ್ಟಾಪ್’ ಏರ್ಪಾಡು ಎಂದು ಹೆಸರು.

ಆದರೆ ಕೆಲವು ದಿನ ಇದೇ ಕಾರು ಇದೇ ಚೌಕದಲ್ಲಿ ನಿಂತರೂ ಎಂಜಿನ್ ನಿಲ್ಲದೆ ತಿರುಗುತ್ತಲೇ ಇರುವುದು. ಚಿಹ್ನೆಯು ಹಳದಿಗೆ ತಿರುಗಿರುವುದು, ಇಲ್ಲವೆ ಅದರ ಮೇಲೆ ಒಂದು ಅಡ್ಡಗೀಟು ಮೂಡಿರುವುದು. ಬಣ್ಣವೂ ಗುರುತೂ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದಾದರೂ ಅರ್ಥ ಒಂದೇ: ‘ಈಗ ನಿಲ್ಲಿಸಲಾರೆ.’ ಏರ್ಪಾಡು ಕೆಟ್ಟುಹೋಯಿತೆಂದು ಬಗೆದು ಎಷ್ಟೋ ಮಂದಿ ಕಾರನ್ನು ಕಾರ್ಖಾನೆಗೆ ಒಯ್ಯುವುದುಂಟು. ಅಲ್ಲಿ ಪರೀಕ್ಷಿಸಿದವರು ಯಾವ ದೋಷವೂ ಕಾಣದೆಂದು ಹೇಳಿ ಕಳುಹಿಸುವುದೂ ಉಂಟು. ಇಬ್ಬರ ಮಾತೂ ಒಂದು ಬಗೆಯಲ್ಲಿ ನಿಜವೇ. ಎಂಜಿನ್ ನಿಲ್ಲದಿರುವುದು ಬಹುಮಟ್ಟಿಗೆ ದೋಷವಲ್ಲ, ಅದೊಂದು ತೀರ್ಮಾನ. ಆ ತೀರ್ಮಾನದ ಹಿಂದಿರುವ ಲೆಕ್ಕವನ್ನು ನಾವು ಈ ಲೇಖನದಲ್ಲಿ ಬಿಡಿಸಿ ನೋಡೋಣ.

ನಿಲ್ಲಿಸುವುದರಿಂದ ಏನು ಉಳಿಯುವುದು?

ಮೊದಲು ಲಾಭದ ಕಡೆಯನ್ನು ಗಮನಿಸೋಣ. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ನಿಂತಲ್ಲೇ ತಿರುಗುತ್ತಿದ್ದರೆ ಗಂಟೆಗೆ ಹೆಚ್ಚುಕಡಮೆ ಮುಕ್ಕಾಲು ಲೀಟರ್ ಇಂಧನವನ್ನು ಉರಿಸುವುದು. ಒಂದು ನಿಮಿಷಕ್ಕೆ ಸುಮಾರು 12 ಮಿಲಿಲೀಟರ್ ಆಯಿತು. ಎಂಜಿನನ್ನು ಮತ್ತೆ ಚಾಲೂ ಮಾಡಲು ಬೇಕಾಗುವ ಹೆಚ್ಚಿನ ಇಂಧನವು ಸುಮಾರು ಹತ್ತು ಸೆಕೆಂಡು ಸುಮ್ಮನೆ ತಿರುಗಿದಾಗ ವ್ಯಯವಾಗುವಷ್ಟನ್ನು ಮೀರದು. ಆದುದರಿಂದ ನಿಲುಗಡೆಯು ಅದಕ್ಕಿಂತ ದೀರ್ಘವಾಗಿದ್ದರೆ ಎಂಜಿನನ್ನು ನಿಲ್ಲಿಸುವುದೇ ಲಾಭಕರ. ಈ ವಿಚಾರವು ಹೊಸದಲ್ಲ. ಇಟಲಿಯ ಫಿಯಟ್ ಸಂಸ್ಥೆಯು 1980ರ ದಶಕದಲ್ಲಿಯೇ ತನ್ನ ರೆಗಾಟಾ ಕಾರಿನ ಒಂದು ಮಾದರಿಯಲ್ಲಿ ಇಂತಹ ಏರ್ಪಾಡನ್ನು ಅಳವಡಿಸಿತ್ತು. ಆದರೂ ಅದು ಎಲ್ಲೆಡೆ ಹಬ್ಬಲು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಏಕೆಂದರೆ ಎಂಜಿನನ್ನು ನಿಲ್ಲಿಸುವುದು ಸುಲಭ. ಅದು ಮತ್ತೆ ಹೊರಟೇ ತೀರುವುದೆಂದು ನಿಲ್ಲಿಸುವ ಮೊದಲೇ ತಿಳಿದುಕೊಳ್ಳುವುದು ಕಷ್ಟ.

ನಾಲ್ಕು ದಾರಿ ಸೇರುವ ಚೌಕದಲ್ಲಿ ಹಸಿರು ದೀಪ ಬಂದಾಗ ಎಂಜಿನ್ ಹೊರಡದಿದ್ದರೆ ಆಗುವ ಫಜೀತಿಯನ್ನು ಊಹಿಸಿಕೊಳ್ಳಬಹುದು. ಹನ್ನೆರಡು ಮಿಲಿಲೀಟರ್ ಪೆಟ್ರೋಲಿನ ಆಸೆಗೆ ಅಂತಹ ಸಂಕಟವನ್ನು ತಂದುಕೊಳ್ಳುವುದು ಜಾಣತನವಲ್ಲ. ಆದುದರಿಂದ ಕಾರಿನ ಗಣಕವು ಪ್ರತಿ ನಿಲುಗಡೆಯಲ್ಲಿಯೂ ತನಗೆ ತಾನೇ ಒಂದು ಪ್ರಶ್ನೆಯನ್ನು ಹಾಕಿಕೊಳ್ಳುವುದು: ‘ಈಗ ನಿಲ್ಲಿಸಿದರೆ, ಮತ್ತೆ ಹೊರಡಿಸುವುದು ನಿಶ್ಚಯವೆ?’ ಉತ್ತರದಲ್ಲಿ ಕೊಂಚ ಅನುಮಾನವಿದ್ದರೂ ಅದು ನಿಲ್ಲಿಸದು. ಆ ಉತ್ತರವನ್ನು ಕೊಡಬೇಕಾದ ಮುಖ್ಯ ಸಾಕ್ಷಿಗಳು ಎರಡು: ಬ್ಯಾಟರಿ ಮತ್ತು ಉಷ್ಣತೆ.

ಬ್ಯಾಟರಿಯ ಲೆಕ್ಕ

ಎಂಜಿನ್ ತಿರುಗುತ್ತಿರುವಾಗ ಕಾರಿಗೆ ಬೇಕಾದ ವಿದ್ಯುತ್ತನ್ನೆಲ್ಲ ಆಲ್ಟರ್ನೇಟರ್ ಎಂಬ ಯಂತ್ರ ಉತ್ಪಾದಿಸುವುದು. ಅದನ್ನು ಎಂಜಿನ್ನೇ ಒಂದು ಪಟ್ಟಿಯ ಮೂಲಕ ತಿರುಗಿಸುತ್ತಿರುವುದರಿಂದ, ಎಂಜಿನ್ ನಿಂತ ಕ್ಷಣದಲ್ಲಿ ಅದೂ ನಿಂತಿತು. ಅಲ್ಲಿಂದ ಮುಂದೆ ದೀಪ, ಗಾಳಿ ಬೀಸುವ ಫ್ಯಾನು, ರೇಡಿಯೊ, ಗಣಕಗಳು ಎಲ್ಲಕ್ಕೂ ಬ್ಯಾಟರಿಯೇ ಗತಿ.

ಬ್ಯಾಟರಿಯ ಮೇಲೆ ಬೀಳುವ ದೊಡ್ಡ ಹೊರೆ ಎಂಜಿನನ್ನು ಮತ್ತೆ ಹೊರಡಿಸುವುದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಸಂಗತಿ ಹೊರಬೀಳುವುದು. ಬಿಸಿಯಾಗಿರುವ ಸಣ್ಣ ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ಸರಾಸರಿ 200 ಆಂಪಿಯರ್ ಪ್ರವಾಹವನ್ನು ಅರ್ಧ ಸೆಕೆಂಡು ಎಳೆಯುವುದೆಂದು ಇಟ್ಟುಕೊಳ್ಳೋಣ. ಒಂದು ಆಂಪಿಯರ್ ಪ್ರವಾಹವು ಒಂದು ಸೆಕೆಂಡಿನಲ್ಲಿ ಸಾಗಿಸುವ ವಿದ್ಯುತ್ತಿಗೆ ಒಂದು ಕೂಲಂ ಎಂದು ಹೆಸರು. ಹಾಗಾದರೆ ಒಂದು ಸಲ ಹೊರಡಿಸಲು ಬೇಕಾದುದು

200 × 0.5 = 100 ಕೂಲಂ.

ಸಂಜೆಯ ಹೊತ್ತು ದೀಪ, ಫ್ಯಾನು ಮೊದಲಾದುವೆಲ್ಲ ಸೇರಿ 30 ಆಂಪಿಯರ್ ಎಳೆಯುತ್ತಿದ್ದರೆ, ಒಂದು ನಿಮಿಷದ ನಿಲುಗಡೆಯಲ್ಲಿ ಖರ್ಚಾಗುವುದು

30 × 60 = 1800 ಕೂಲಂ.

ಅಂದರೆ ಹೊರಡಿಸುವ ಖರ್ಚಿಗಿಂತ ಸುಮ್ಮನೆ ನಿಂತಿರುವ ಖರ್ಚು ಹದಿನೆಂಟು ಮಡಿ ಹೆಚ್ಚು! ಸ್ಟಾರ್ಟರ್ ಮೋಟಾರು ಬೊಗಸೆಯಿಂದ ಒಂದೇ ಸಲಕ್ಕೆ ಎತ್ತಿಕೊಳ್ಳುವುದು; ದೀಪ ಫ್ಯಾನುಗಳು ಸಣ್ಣ ಸೋರಿಕೆಯಂತೆ ಬಿಡದೆ ಹರಿಸಿಕೊಳ್ಳುವುವು.

ಈಗ ಬೆಂಗಳೂರಿನ ಸಂಜೆಯ ಸಂಚಾರದಲ್ಲಿ ಸಿಲುಕಿದ ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. ಅದರ ಬ್ಯಾಟರಿಯ ಸಾಮರ್ಥ್ಯ 60 ಆಂಪಿಯರ್-ಗಂಟೆ. ಒಂದು ಆಂಪಿಯರ್-ಗಂಟೆ ಎಂದರೆ 3600 ಕೂಲಂ. ಹೊರಡುವಾಗ ಅದರಲ್ಲಿ ನೂರಕ್ಕೆ 80ರಷ್ಟು ಸಂಗ್ರಹವಿದೆ. ಸಂಗ್ರಹವು ನೂರಕ್ಕೆ 70ಕ್ಕೆ ಇಳಿದರೆ ಎಂಜಿನನ್ನು ನಿಲ್ಲಿಸಬಾರದೆಂದು ತಯಾರಕನು ಕಟ್ಟಳೆ ಮಾಡಿದ್ದಾನೆ. ಈ ಗಡಿಯು ಕಾರಿನಿಂದ ಕಾರಿಗೆ ಬೇರೆಯಾಗುವುದಾದರೂ ಅನೇಕ ಕಾರುಗಳಲ್ಲಿ ಇದರ ಆಸುಪಾಸಿನಲ್ಲಿಯೇ ಇರುವುದು. ಹಾಗಾದರೆ ಧಾರಾಳವಾಗಿ ಖರ್ಚುಮಾಡಲು ಕೈಯಲ್ಲಿರುವುದು ನೂರಕ್ಕೆ ಹತ್ತು ಭಾಗ, ಎಂದರೆ 6 ಆಂಪಿಯರ್-ಗಂಟೆ ಅಥವಾ 21,600 ಕೂಲಂ.

ಒಂದೊಂದು ನಿಲುಗಡೆಯಲ್ಲಿ ನಿಂತದ್ದಕ್ಕೆ 1800, ಹೊರಟದ್ದಕ್ಕೆ 100, ಒಟ್ಟು 1900 ಕೂಲಂ ಖರ್ಚು. ಮುಂದಿನ ಚೌಕದ ವರೆಗೆ ಒಂದೂವರೆ ನಿಮಿಷ ಕಾರು ಓಡಿತೆನ್ನೋಣ. ಆ ವೇಳೆಯಲ್ಲಿ ಆಲ್ಟರ್ನೇಟರು ಉಳಿದೆಲ್ಲ ಖರ್ಚನ್ನೂ ಹೊತ್ತುಕೊಂಡು ಬ್ಯಾಟರಿಗೆ 12 ಆಂಪಿಯರ್ ತುಂಬಿದರೆ, ಮರಳಿ ಬಂದುದು 12 × 90 = 1080 ಕೂಲಂ. ನಿವ್ವಳ ನಷ್ಟ 820 ಕೂಲಂ. ಈಗ 21,600ನ್ನು 820ರಿಂದ ಭಾಗಿಸಿದರೆ 26 ಬರುವುದು. ಇಪ್ಪತ್ತಾರು ನಿಲುಗಡೆಗಳವರೆಗೆ ಏರ್ಪಾಡು ಚೆನ್ನಾಗಿ ನಡೆದು, ಅನಂತರ ಚಿಹ್ನೆಯ ಮೇಲೆ ಅಡ್ಡಗೀಟು ಮೂಡುವುದು. ಯಾವ ಭಾಗವೂ ಕೆಟ್ಟಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಸಂಸಾರದ ನೀತಿಯನ್ನು ಗಣಕವು ಪಾಲಿಸಿತು, ಅಷ್ಟೆ.

ಆಲ್ಟರ್ನೇಟರು ಬಲವಾಗಿದ್ದರೆ ಹೆಚ್ಚು ತುಂಬಬಹುದಲ್ಲವೆ ಎಂದು ವಾಚಕರು ಕೇಳಬಹುದು. ಆಲ್ಟರ್ನೇಟರಿನ ಶಕ್ತಿ ನೂರು ಆಂಪಿಯರ್ ಮೀರಿರಬಹುದು. ಆದರೆ ಸೀಸದ ಬ್ಯಾಟರಿಯು ಅದನ್ನೆಲ್ಲ ಒಮ್ಮೆಗೇ ನುಂಗಲಾರದು. ತುಂಬುತ್ತ ಬಂದಂತೆ ಅದರ ಹಸಿವು ಕಡಮೆಯಾಗುವುದು. ಈ ಕಾರಣದಿಂದಲೇ ಅನೇಕ ಕಾರುಗಳಲ್ಲಿ ಬ್ಯಾಟರಿಯನ್ನು ಬೇಕೆಂದೇ ಪೂರ್ತಿ ತುಂಬಿಸದೆ ನೂರಕ್ಕೆ 80ರ ಸುತ್ತಮುತ್ತ ಇಟ್ಟಿರುವರು. ಕಾರು ವೇಗ ತಗ್ಗಿಸುವಾಗ ದೊರೆಯುವ ಪುಕ್ಕಟೆ ಶಕ್ತಿಯನ್ನು ಹಿಡಿದಿಡಲು ಅಷ್ಟು ಜಾಗ ಖಾಲಿ ಇರಬೇಕಷ್ಟೆ.

ಬಿತ್ತನೆಯ ಬೀಜ

ಇಲ್ಲಿ ಇನ್ನೊಂದು ಸಂದೇಹ ಹುಟ್ಟುವುದು ಸಹಜ. ನೂರಕ್ಕೆ 70 ಭಾಗವೆಂದರೆ ಇನ್ನೂ 42 ಆಂಪಿಯರ್-ಗಂಟೆ ಉಳಿದಿದೆ. ಎಂಜಿನನ್ನು ಹೊರಡಿಸಲು ಬೇಕಾದುದು ಬರಿಯ 100 ಕೂಲಂ. ಲೆಕ್ಕದ ಪ್ರಕಾರ ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸಲ ಹೊರಡಿಸಬಹುದು. ಮತ್ತೆ ಈ ಜಿಪುಣತನವೇಕೆ?

ರೈತನ ಮನೆಯ ಕಣಜದಲ್ಲಿ ಎಷ್ಟೇ ಕಾಳಿದ್ದರೂ ಬಿತ್ತನೆಗೆಂದು ಕಟ್ಟಿಟ್ಟ ಬೀಜಕ್ಕೆ ಯಾರೂ ಕೈ ಹಾಕರು. ಇಲ್ಲಿಯೂ ಹಾಗೆಯೇ. ಮುಚ್ಚಿಟ್ಟ ಕಾರೂ ವಿದ್ಯುತ್ತನ್ನು ತಿನ್ನುವುದು. ಬೀಗದ ಕಾವಲು, ಗಡಿಯಾರ, ಅರೆನಿದ್ರೆಯಲ್ಲಿರುವ ಗಣಕ, ಇವುಗಳಿಗೆಲ್ಲ ಸೇರಿ ಒಂದು ಆಂಪಿಯರಿನ ನಲವತ್ತನೆಯ ಒಂದು ಭಾಗ ಬೇಕೆಂದುಕೊಂಡರೂ ದಿನಕ್ಕೆ 0.6 ಆಂಪಿಯರ್-ಗಂಟೆ ಆಯಿತು. ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 6 ಆಂಪಿಯರ್-ಗಂಟೆ ಹೋಯಿತು. ಎಂದರೆ ಮೇಲಿನ ಉದಾಹರಣೆಯ ಖರ್ಚಿನ ಪಾಲೆಲ್ಲ ಮುಗಿಯಿತು. ರಜೆ ಮುಗಿಸಿ ಬಂದವರ ಕಾರಿನಲ್ಲಿ ಏರ್ಪಾಡು ಒಂದೆರಡು ದಿನ ಮುಷ್ಕರ ಹೂಡುವುದು ಇದರಿಂದಲೇ.

ಆದರೆ ಇನ್ನೂ ಗಾಢವಾದ ಕಾರಣವೊಂದುಂಟು. ಎಂಜಿನನ್ನು ಹೊರಡಿಸಲು ಬೇಕಾದುದು ಹೆಚ್ಚು ವಿದ್ಯುತ್ತಲ್ಲ. ಬೇಕಾದ ವಿದ್ಯುತ್ತು ಒಮ್ಮೆಗೇ ನುಗ್ಗಿ ಬರಬೇಕು. ಹಂಡೆಯ ತುಂಬ ನೀರಿದ್ದರೂ ನಲ್ಲಿಯಲ್ಲಿ ತುಕ್ಕು ಕಟ್ಟಿದ್ದರೆ ಕೊಡ ಬೇಗ ತುಂಬದಷ್ಟೆ. ಬ್ಯಾಟರಿಯೊಳಗಿನ ಈ ತುಕ್ಕಿನಂತಹ ತಡೆಗೆ ಆಂತರಿಕ ರೋಧವೆಂದು ಹೆಸರು. ಸಂಗ್ರಹ ಇಳಿದಂತೆ, ವಯಸ್ಸಾದಂತೆ, ಚಳಿ ಹೆಚ್ಚಿದಂತೆ ಅದು ಏರುವುದು.

ಅದರ ಪರಿಣಾಮವನ್ನು ಓಮನ ನಿಯಮದಿಂದ ಕಂಡುಕೊಳ್ಳಬಹುದು. ಸ್ಟಾರ್ಟರ್ ಮೋಟಾರು ತಿರುಗಲಾರಂಭಿಸುವ ಮೊದಲ ಕ್ಷಣದಲ್ಲಿ ಸರಾಸರಿಗಿಂತ ಬಹಳ ಹೆಚ್ಚು, 400 ಆಂಪಿಯರಿನಷ್ಟು ಎಳೆಯುವುದೆನ್ನೋಣ. ಒಳ್ಳೆಯ ಬ್ಯಾಟರಿಯ ಆಂತರಿಕ ರೋಧ 0.005 ಓಮ್ ಇದ್ದರೆ, ಒಳಗೇ ಕಳೆದುಹೋಗುವ ವೋಲ್ಟೇಜು 400 × 0.005 = 2. ಬ್ಯಾಟರಿಯು 12.4 ವೋಲ್ಟಿನದಾದರೆ ಹೊರಗೆ 10.4 ವೋಲ್ಟ್ ದೊರೆಯುವುದು. ಅಷ್ಟು ಸಾಕು. ಮುದಿಯಾದ ಬ್ಯಾಟರಿಯ ರೋಧ 0.012 ಓಮ್‌ಗೆ ಏರಿದ್ದರೆ ಒಳಗೆ ಕಳೆಯುವುದು 4.8 ವೋಲ್ಟ್; ಹೊರಗೆ ಉಳಿಯುವುದು 7.6 ಮಾತ್ರ. ವಾಸ್ತವದಲ್ಲಿ ಆಗ ಮೋಟಾರಿಗೂ ಅಷ್ಟು ಪ್ರವಾಹ ದೊರೆಯದು. ಅದು ಮೆಲ್ಲಗೆ ತಿರುಗುವುದು. ಆ ವೋಲ್ಟೇಜಿನಲ್ಲಿ ದೀಪ ಮಂಕಾಗಿ, ರೇಡಿಯೊ ಆರಿ, ಗಣಕಗಳೇ ಕ್ಷಣಕಾಲ ಸ್ಮೃತಿ ತಪ್ಪುವ ಸಂಭವವುಂಟು. ಎರಡು ಬ್ಯಾಟರಿಗಳಲ್ಲಿಯೂ ಸಂಗ್ರಹವು ಸಮವಾಗಿದ್ದರೂ ಒಂದು ನಂಬಿಕೆಗೆ ಅರ್ಹ, ಇನ್ನೊಂದು ಅಲ್ಲ.

ಮೂರನೆಯ ಕಾರಣ ಬ್ಯಾಟರಿಯ ಆಯುಸ್ಸು. ವಿದ್ಯುತ್ತು ಖರ್ಚಾದಂತೆ ಗಂಧಕಾಮ್ಲವು ಸೀಸದ ಫಲಕಗಳೊಡನೆ ಕೂಡಿ ಸೀಸದ ಸಲ್ಫೇಟಾಗುವುದು. ಕೂಡಲೆ ಮರಳಿ ತುಂಬಿದರೆ ಅದು ಕರಗಿಹೋಗುವುದು. ಬಹುಕಾಲ ಅರೆಬರೆ ತುಂಬಿದ ಸ್ಥಿತಿಯಲ್ಲಿಯೇ ಇಟ್ಟರೆ ಸಣ್ಣ ಹರಳುಗಳು ದಪ್ಪವಾಗಿ ಗಟ್ಟಿಯಾಗುವುವು. ಅವನ್ನು ಮತ್ತೆ ಕರಗಿಸುವುದು ದುಸ್ಸಾಧ್ಯ. ಆಗ ಸಾಮರ್ಥ್ಯ ತಗ್ಗುವುದು, ರೋಧ ಏರುವುದು. ಗಡಿಯನ್ನು ಎತ್ತರದಲ್ಲಿಟ್ಟಿರುವುದು ಈ ಕೇಡನ್ನು ತಡೆಯುವುದಕ್ಕೂ ಹೌದು.

ಗಣಕಕ್ಕೆ ಇದೆಲ್ಲ ಹೇಗೆ ತಿಳಿಯುವುದು?

ಬ್ಯಾಟರಿಯ ಋಣಧ್ರುವಕ್ಕೆ ಕಚ್ಚಿಕೊಂಡಂತೆ ಬೆಂಕಿಪೊಟ್ಟಣದ ಗಾತ್ರದ ಒಂದು ಉಪಕರಣವನ್ನು ನಾವು ಇಂತಹ ಕಾರುಗಳಲ್ಲಿ ಕಾಣಬಹುದು. ಬ್ಯಾಟರಿಯಿಂದ ಹೋಗುವ ಮತ್ತು ಅದಕ್ಕೆ ಬರುವ ಪ್ರವಾಹವೆಲ್ಲ ಅದರೊಳಗಿನ ಒಂದು ಲೋಹದ ತುಂಡಿನ ಮೂಲಕವೇ ಹಾಯಬೇಕು. ಈ ತುಂಡಿನ ರೋಧ ಸಾಮಾನ್ಯವಾಗಿ 0.0001 ಓಮ್. ನೂರು ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ ಒಂದು ವೋಲ್ಟಿನ ನೂರನೆಯ ಒಂದು ಭಾಗದಷ್ಟು ವ್ಯತ್ಯಾಸ ತೋರುವುದು. ಅದನ್ನು ಅಳೆದು ಪ್ರವಾಹವನ್ನೂ, ಜೊತೆಗೆ ಬ್ಯಾಟರಿಯ ವೋಲ್ಟೇಜನ್ನೂ ಉಷ್ಣತೆಯನ್ನೂ ಉಪಕರಣವು ಎಡೆಬಿಡದೆ ಗುರುತು ಹಾಕಿಕೊಳ್ಳುವುದು. ಒಳಗೆ ಬಂದುದನ್ನು ಜಮೆಗೆ, ಹೊರಗೆ ಹೋದುದನ್ನು ಖರ್ಚಿಗೆ ಬರೆಯುವ ಶಾನುಭೋಗರ ಕಡತದಂತೆ ಅದರ ಕೆಲಸ.

ಎಷ್ಟು ಎಚ್ಚರದಿಂದ ಬರೆದರೂ ಕಡತದಲ್ಲಿ ಸಣ್ಣ ತಪ್ಪುಗಳು ಕೂಡುತ್ತ ಹೋಗುವುವು. ಆದುದರಿಂದ ಆಗಾಗ ಕಣಜವನ್ನೇ ತೆರೆದು ನೋಡಬೇಕು. ಕಾರು ಹಲವು ಗಂಟೆ ಅಲುಗಾಡದೆ ನಿಂತಿದ್ದಾಗ ಬ್ಯಾಟರಿಯ ವೋಲ್ಟೇಜು ಒಂದು ಸ್ಥಿರವಾದ ಬೆಲೆಗೆ ಬರುವುದು. ಸಾಮಾನ್ಯ ಸೀಸದ ಬ್ಯಾಟರಿಯಲ್ಲಿ 12.7 ವೋಲ್ಟ್ ಇದ್ದರೆ ಪೂರ್ಣ ಸಂಗ್ರಹ, 12.4 ಇದ್ದರೆ ನೂರಕ್ಕೆ ಸುಮಾರು 75, 12.2 ಇದ್ದರೆ ಸುಮಾರು ಅರ್ಧ. ಉಪಕರಣವು ಇದನ್ನು ನೋಡಿ ತನ್ನ ಕಡತವನ್ನು ತಿದ್ದಿಕೊಳ್ಳುವುದು. ಬ್ಯಾಟರಿಯ ತಂತಿಯನ್ನು ಒಮ್ಮೆ ಕಳಚಿ ಮತ್ತೆ ಜೋಡಿಸಿದರೆ ಕಡತವೇ ಅಳಿಸಿಹೋಗುವುದು. ಅಂತಹ ಕಾರಿನಲ್ಲಿ ಏರ್ಪಾಡು ಕೆಲಸಮಾಡಲು ಒಂದು ರಾತ್ರಿಯ ವಿಶ್ರಾಂತಿಯಾದರೂ ಬೇಕಾಗುವುದು ಈ ಕಾರಣಕ್ಕೆ.

ಮನೆಯಲ್ಲಿ ಚಾರ್ಜರಿನಿಂದ ಬ್ಯಾಟರಿಯನ್ನು ತುಂಬುವವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಾರ್ಜರಿನ ಋಣತಂತಿಯನ್ನು ನೇರವಾಗಿ ಬ್ಯಾಟರಿಯ ಧ್ರುವಕ್ಕೆ ಹಾಕಿದರೆ ಪ್ರವಾಹವು ಉಪಕರಣವನ್ನು ಬಳಸಿಕೊಂಡು ಒಳಗೆ ಹೋಗುವುದು. ಜಮೆಯು ಕಡತಕ್ಕೆ ಏರದು. ಬ್ಯಾಟರಿ ತುಂಬಿದ್ದರೂ ಗಣಕವು ಅದನ್ನು ಅರಿಯದೆ ಎಂಜಿನನ್ನು ನಿಲ್ಲಿಸಲು ಒಪ್ಪದು. ಆ ತಂತಿಯನ್ನು ತಯಾರಕನು ಸೂಚಿಸಿದ ಲೋಹದ ಭಾಗಕ್ಕೆ, ಸಾಮಾನ್ಯವಾಗಿ ಕಾರಿನ ಒಡಲಿಗೆ, ಸಿಕ್ಕಿಸುವುದೇ ಸರಿಯಾದ ಕ್ರಮ.

ಉಷ್ಣತೆಯ ಎರಡು ಗಡಿಗಳು

ಇನ್ನು ಎರಡನೆಯ ಸಾಕ್ಷಿಯನ್ನು ವಿಚಾರಿಸೋಣ. ಬೆಳಗ್ಗೆ ಕಾರನ್ನು ಹೊರತೆಗೆದು ಮೊದಲ ಚೌಕದಲ್ಲಿ ನಿಂತಾಗ ಎಂಜಿನ್ ನಿಲ್ಲುವುದೇ ಇಲ್ಲ. ಎಂಜಿನನ್ನು ತಂಪುಮಾಡುವ ನೀರು ಒಂದು ಮಟ್ಟಕ್ಕೆ, ಅನೇಕ ಕಾರುಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ, ಕಾಯುವ ತನಕ ಅಪ್ಪಣೆ ದೊರೆಯದು. ತಣ್ಣಗಿರುವ ಎಂಜಿನ್ನಿನಲ್ಲಿ ತೈಲವು ಮಂದವಾಗಿರುವುದರಿಂದ ಅದನ್ನು ತಿರುಗಿಸಲು ಹೆಚ್ಚಿನ ಬಲ ಬೇಕು. ಪೆಟ್ರೋಲು ಸರಿಯಾಗಿ ಆವಿಯಾಗದ ಕಾರಣ ಅದನ್ನು ಹೆಚ್ಚು ಹೆಚ್ಚಾಗಿ ಚಿಮುಕಿಸಬೇಕು. ಇದಲ್ಲದೆ ಹೊಗೆಯ ಕೊಳವೆಯಲ್ಲಿ ವಿಷಾನಿಲಗಳನ್ನು ಶುದ್ಧಿಮಾಡುವ ಒಂದು ಪಾತ್ರೆಯಿದೆ. ಅದರೊಳಗಿನ ಕ್ರಿಯಾವರ್ಧಕ ಲೋಹಗಳು ಸುಮಾರು 250ರಿಂದ 300 ಡಿಗ್ರಿಗೆ ಕಾದ ಮೇಲೆಯೇ ಚುರುಕಾಗಿ ಕೆಲಸಮಾಡುವುವು. ಅರ್ಧ ಕಾದಿರುವಾಗಲೇ ಎಂಜಿನನ್ನು ನಿಲ್ಲಿಸಿ ತಣಿಯಗೊಟ್ಟರೆ, ಪೆಟ್ರೋಲು ಕೊಂಚ ಉಳಿದರೂ ಊರಿನ ಗಾಳಿ ಹೆಚ್ಚು ಕೆಡುವುದು. ನಾಲ್ಕು ಕಿಲೋಮೀಟರ್ ದೂರದ ಕಚೇರಿಗೆ ಹೋಗಿಬರುವ ಕಾರಿನಲ್ಲಿ ಈ ಏರ್ಪಾಡು ಕೆಲಸಮಾಡಿದುದೇ ಅಪರೂಪವಾದರೆ ಅಚ್ಚರಿಯೇನೂ ಇಲ್ಲ. ಅಂತಹ ಕಾರಿನ ಎಂಜಿನ್ ಕಾಯುವುದಕ್ಕೂ ಬಿಡುವಿಲ್ಲ, ಬ್ಯಾಟರಿ ತುಂಬುವುದಕ್ಕೂ ಬಿಡುವಿಲ್ಲ.

ಇನ್ನೊಂದು ಗಡಿ ಶಾಖದ ಕಡೆಯದು. ಕಲಬುರಗಿ, ರಾಯಚೂರುಗಳ ಕಡೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆಯು 40 ಡಿಗ್ರಿ ದಾಟುವುದು ವಾಡಿಕೆ. ಕಾರಿನ ಒಳಭಾಗವನ್ನು ತಂಪುಗೊಳಿಸುವ ಏ.ಸಿ.ಯ ಕಂಪ್ರೆಸರನ್ನು ಹೆಚ್ಚಿನ ಪೆಟ್ರೋಲ್ ಡೀಸೆಲ್ ಕಾರುಗಳಲ್ಲಿ ಎಂಜಿನ್ನೇ ಪಟ್ಟಿಯಿಂದ ತಿರುಗಿಸುತ್ತಿರುವುದು. ಎಂಜಿನ್ ನಿಂತರೆ ಫ್ಯಾನು ಬೀಸುತ್ತಿರಬಹುದು, ತಂಪು ಮಾತ್ರ ಹುಟ್ಟದು. ಗಾಳಿ ಹಾಯುವ ತಣ್ಣನೆಯ ಸುರುಳಿ ಸ್ವಲ್ಪ ಹೊತ್ತಿನಲ್ಲಿಯೇ ಬೆಚ್ಚಗಾಗುವುದು. ಆದುದರಿಂದ ಗಣಕವು ಆ ಸುರುಳಿಯ ಉಷ್ಣತೆಯನ್ನೂ, ಒಳಗೆ ಕುಳಿತವರು ಬಯಸಿದ ತಂಪಿಗೂ ಈಗಿರುವ ಸೆಕೆಗೂ ಎಷ್ಟು ಅಂತರವಿದೆಯೆಂಬುದನ್ನೂ ನೋಡುವುದು. ಅಂತರ ದೊಡ್ಡದಾದರೆ ಎಂಜಿನನ್ನು ನಿಲ್ಲಿಸದು. ಅಥವಾ ನಿಲ್ಲಿಸಿ, ಕೆಂಪು ದೀಪ ಇನ್ನೂ ಇರುವಾಗಲೇ ಮತ್ತೆ ಹೊರಡಿಸುವುದು. ಮಳೆಗಾಲದ ಮಡಿಕೇರಿಯಲ್ಲಿ ಸೆಕೆಯಿಲ್ಲದಿದ್ದರೂ ಇದೇ ಸಂಗತಿ ನಡೆಯಬಹುದು. ಮುಂಗಾಜಿನ ಮೇಲೆ ಕಟ್ಟುವ ಮಂಜನ್ನು ಒರಸುವ ಒಣಗಾಳಿ ಬರಬೇಕಾದರೂ ಅದೇ ಕಂಪ್ರೆಸರು ತಿರುಗಬೇಕು.

ಬ್ಯಾಟರಿಯ ಸ್ವಂತ ಉಷ್ಣತೆಗೂ ಎರಡು ಗಡಿಗಳುಂಟು. ಹಿಮ ಬೀಳುವ ದೇಶಗಳಲ್ಲಿ ಚಳಿಯಿಂದ ರಾಸಾಯನಿಕ ಕ್ರಿಯೆ ಮಂದವಾಗಿ, ಬ್ಯಾಟರಿಯ ರೋಧ ಏರುವುದು. ಅಲ್ಲಿ ನೀರು ಹೆಪ್ಪುಗಟ್ಟುವ ಮಟ್ಟದ ಸಮೀಪದಲ್ಲಿಯೇ ಅನೇಕ ಕಾರುಗಳು ಏರ್ಪಾಡನ್ನು ತಡೆಹಿಡಿಯುವುವು. ನಮ್ಮಲ್ಲಿ ಭಯ ತದ್ವಿರುದ್ಧವಾದುದು. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಮುಚ್ಚಿದ ಬಾನೆಟ್ಟಿನ ಕೆಳಗೆ ಬ್ಯಾಟರಿ ಬೇಯುವುದು. ಹೆಚ್ಚಿದ ಶಾಖದಲ್ಲಿ ಅದು ಆ ಹೊತ್ತಿಗೆ ಚುರುಕಾಗಿಯೇ ಕೆಲಸಮಾಡೀತು. ಆದರೆ ಫಲಕಗಳ ಸವಕಳಿಯೂ ಚುರುಕಾಗುವುದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಸವಕಳಿಯ ವೇಗ ಹೆಚ್ಚುಕಡಮೆ ಇಮ್ಮಡಿಯಾಗುವುದೆಂಬುದು ರಸಾಯನ ಶಾಸ್ತ್ರದ ಒರಟು ಲೆಕ್ಕ. ಮೇ ತಿಂಗಳಲ್ಲಿ ಬ್ಯಾಟರಿಗಾದ ಗಾಯವು ಎಷ್ಟೋ ಸಲ ಡಿಸೆಂಬರಿನ ಒಂದು ತಂಪು ಬೆಳಗಿನಲ್ಲಿ ಬಯಲಾಗುವುದು.

ಕಾರಣವನ್ನು ಗುರುತಿಸುವ ಬಗೆ

ಬಾಗಿಲು ಅಥವಾ ಬಾನೆಟ್ಟು ಸರಿಯಾಗಿ ಮುಚ್ಚದಿರುವುದು, ಚಾಲಕನು ಸೀಟಿನ ಪಟ್ಟಿ ಕಟ್ಟದಿರುವುದು, ಕಡಿದಾದ ಇಳಿಜಾರು, ತಿರುಗಿಸಿ ಹಿಡಿದ ಚಕ್ರ, ಹಿಂದಿನ ನಿಲುಗಡೆಯ ಬಳಿಕ ಸಾಕಷ್ಟು ವೇಗಕ್ಕೆ ಏರದೆ ತೆವಳಿದುದು, ಇಂಥವೂ ಎಂಜಿನನ್ನು ನಿಲ್ಲಗೊಡುವುದಿಲ್ಲ. ಇವು ಕಣ್ಣಿಗೆ ಕಾಣುವ ಕಾರಣಗಳು; ಇವನ್ನು ಮೊದಲು ಬದಿಗಿಡೋಣ. ಉಳಿದವನ್ನು ತಾಳ್ಮೆಯಿಂದ ಒಂದೊಂದಾಗಿ ಬೇರ್ಪಡಿಸಬಹುದು.

ನಾಲ್ಕು ವರ್ಷ ಹಳೆಯ ಕಾರೊಂದರಲ್ಲಿ ಎರಡು ವಾರದಿಂದ ಎಂಜಿನ್ ನಿಲ್ಲುತ್ತಿಲ್ಲವೆನ್ನೋಣ. ಪ್ರಯಾಣದ ಮೊದಲ ಹತ್ತು ನಿಮಿಷ ಮಾತ್ರ ಹೀಗಾಗುತ್ತಿದ್ದರೆ ಎಂಜಿನ್ ಇನ್ನೂ ಕಾದಿಲ್ಲವೆಂದು ತಿಳಿಯಬಹುದು. ನಡುಹಗಲಲ್ಲಿ ಮಾತ್ರ ಹೀಗಾಗುತ್ತಿದ್ದು, ಏ.ಸಿ.ಯನ್ನು ಆರಿಸಿದ ಬಳಿಕ ಮುಂದಿನ ಚೌಕದಲ್ಲಿ ಎಂಜಿನ್ ನಿಂತರೆ, ಕಾರಣ ಸೆಕೆ. ಆದರೆ ಹಿತವಾದ ಒಂದು ಬೆಳಗಿನಲ್ಲಿ, ಏ.ಸಿ. ಇಲ್ಲದೆ, ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದ ಮೇಲೂ ಎಂಜಿನ್ ನಿಲ್ಲದಿದ್ದರೆ ನಮ್ಮ ಸಂಶಯ ಬ್ಯಾಟರಿಯ ಮೇಲೆ ಬೀಳಬೇಕು. ಕಾಯಲು ಬೇಕಾದ ಸಮಯವೂ ದೊರೆಯಿತು, ತುಂಬಲು ಬೇಕಾದ ಸಮಯವೂ ದೊರೆಯಿತು. ಆದರೂ ಗಣಕಕ್ಕೆ ಧೈರ್ಯ ಬರಲಿಲ್ಲ.

ಇಂತಹ ಕಾರನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಗ್ಗೆ ಬಾಗಿಲು ತೆರೆದು ಗಣಕಗಳನ್ನು ಎಬ್ಬಿಸದಂತೆ ಎಚ್ಚರವಹಿಸಿ, ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜನ್ನು ಅಳೆಯಬೇಕು. ಬಾನೆಟ್ಟನ್ನು ಹಿಂದಿನ ರಾತ್ರಿಯೇ ಸಡಿಲಿಸಿಟ್ಟಿದ್ದರೆ ಇದು ಸುಲಭ. 12.2 ಅಥವಾ ಅದಕ್ಕೂ ಕಡಮೆ ಬಂದರೆ ಸಂಗ್ರಹ ತಗ್ಗಿದೆ. ಅದನ್ನು ಪೂರ್ತಿ ತುಂಬಿಸಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡಬೇಕು. 12.6ರಷ್ಟು ಬಂದೂ ಏರ್ಪಾಡು ಮುಷ್ಕರ ಬಿಡದಿದ್ದರೆ ಹಂಡೆ ತುಂಬಿದೆ, ನಲ್ಲಿಗೆ ತುಕ್ಕು ಹಿಡಿದಿರಬಹುದು ಎಂದು ಊಹಿಸಬಹುದು. ಬರಿಯ ವೋಲ್ಟೇಜಿನಿಂದ ಅದು ತಿಳಿಯದು. ಬ್ಯಾಟರಿ ಅಂಗಡಿಯಲ್ಲಿ ಆಂತರಿಕ ರೋಧವನ್ನು ಅಳೆಯುವ ಉಪಕರಣದಿಂದ ಪರೀಕ್ಷೆ ಮಾಡಿಸಬೇಕು.

ಬದಲಾಯಿಸಬೇಕಾಗಿ ಬಂದರೆ ಅಗ್ಗವೆಂದು ಸಾಮಾನ್ಯ ಬ್ಯಾಟರಿಯನ್ನು ಹಾಕುವುದು ನಷ್ಟದ ವ್ಯಾಪಾರ. ದಿನವೂ ಹಲವು ಹತ್ತು ಸಲ ಖರ್ಚಾಗಿ ತುಂಬುವ ಈ ದುಡಿಮೆಗೆ ಗಾಜಿನ ನಾರಿನ ಹಾಸಿನಲ್ಲಿ ಆಮ್ಲವನ್ನು ಹೀರಿಸಿಟ್ಟ ಎ.ಜಿ.ಎಂ. ಬ್ಯಾಟರಿಯನ್ನೋ, ಫಲಕಗಳನ್ನು ಬಲಪಡಿಸಿದ ಇ.ಎಫ್.ಬಿ. ಎಂಬುದನ್ನೋ ತಯಾರಕರು ಬಳಸುವರು. ಕಾರಿನೊಡನೆ ಬಂದ ಜಾತಿಯದನ್ನೇ ಹಾಕಬೇಕು. ಅನೇಕ ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆಯೆಂದು ಗಣಕಕ್ಕೆ ಉಪಕರಣದ ಮೂಲಕ ತಿಳಿಸಬೇಕಾಗುವುದು. ತಿಳಿಸದಿದ್ದರೆ ಅದು ಹಳೆಯ ಮುದಿ ಬ್ಯಾಟರಿಯ ಕಡತವನ್ನೇ ಮುಂದುವರಿಸಿ, ಹೊಸದನ್ನೂ ನಂಬದೆ ಕೂರಬಹುದು.

ವಿದ್ಯುತ್ತಿನಿಂದಲೇ ತಿರುಗುವ ಕಂಪ್ರೆಸರೂ ದೊಡ್ಡದೊಂದು ಎರಡನೆಯ ಬ್ಯಾಟರಿಯೂ ಇರುವ ಹೈಬ್ರಿಡ್ ಕಾರುಗಳಲ್ಲಿ ಸೆಕೆಯ ಕಟ್ಟಳೆ ಬಹಳಮಟ್ಟಿಗೆ ಸಡಿಲವಾಗಿದೆ. ಅಲ್ಲಿ ಎಂಜಿನ್ ನಿಂತರೂ ತಂಪು ನಿಲ್ಲದು. ಬರಿಯ 12 ವೋಲ್ಟಿನ ಬ್ಯಾಟರಿಯನ್ನು ನಂಬಿದ ಕಾರುಗಳಲ್ಲಿ ಮಾತ್ರ ಈ ಲೆಕ್ಕ ಹೀಗೆಯೇ ಉಳಿದಿದೆ. ಅವುಗಳಲ್ಲಿ ವಾರಗಟ್ಟಲೆ ಬಿಡದೆ ಕಾಣುವ ಆ ಅಡ್ಡಗೀಟು ಒಂದು ಮುನ್ಸೂಚನೆಯೂ ಆಗಿರಬಹುದು. ಸ್ಟಾರ್ಟರು ಇನ್ನೂ ಚೆನ್ನಾಗಿಯೇ ತಿರುಗುತ್ತಿರುವಾಗ, ಚಾಲಕನಿಗೆ ಯಾವ ಅನುಮಾನವೂ ಹುಟ್ಟದಿರುವಾಗ, ಬ್ಯಾಟರಿಯ ಬಲ ಕುಂದುತ್ತಿರುವುದನ್ನು ಗಣಕವು ಆಗಲೇ ಕಂಡುಕೊಂಡಿರುತ್ತದೆ. ಚಿಹ್ನೆಯ ಪಕ್ಕದ OFF ಗುಂಡಿಯನ್ನು ಒತ್ತಿ ಅದನ್ನು ಮರೆತುಬಿಡುವುದಕ್ಕಿಂತ, ಕಾರು ಇನ್ನೂ ಹೊರಡುತ್ತಿರುವಾಗಲೇ ಬ್ಯಾಟರಿಯನ್ನು ಪರೀಕ್ಷೆಗೆ ಒಯ್ಯುವುದು ಮೇಲು.